ಕಣ್ಣು ತಪ್ಪುವ ಮೊದಲು: ದೋಣಿಯಿಂದ ನೀರಿಗೆ ಬಿದ್ದವರನ್ನು ಮರಳಿ ಎತ್ತುವುದು ಹೇಗೆ?

ಪ್ರಶ್ನೆ: ನಮ್ಮದು ಗಂಗೊಳ್ಳಿ ಕಡೆಯ 28 ಅಡಿಯ ಫೈಬರ್ ನಾಡದೋಣಿ, 9.9 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ಕಳೆದ ತಿಂಗಳು ಸಂಜೆ ದಡಕ್ಕೆ ಮರಳುವಾಗ ಬದಿಯಲ್ಲಿ ನಿಂತಿದ್ದ ಚಿಕ್ಕಪ್ಪ ಆಯ ತಪ್ಪಿ ನೀರಿಗೆ ಬಿದ್ದರು. ಇಂಜಿನ್ ಸದ್ದಿನಲ್ಲಿ ನಮಗೆ ಗೊತ್ತಾಗುವಾಗಲೇ ತಡವಾಗಿತ್ತು. ಎರಡು ಸಲ ಹತ್ತಿರ ಹೋದರೂ ಹಿಡಿಯಲಾಗಲಿಲ್ಲ. ಮೂರನೆಯ ಸಲ ಕೈಗೆ ಸಿಕ್ಕರು, ಆದರೆ ನಾನು ಮತ್ತು ಅಣ್ಣ ಸೇರಿ ಮೇಲೆಳೆಯಲು ಬಹಳ ಹೊತ್ತು ಬೇಕಾಯಿತು. ಅವರಿಗೆ ಈಜು ಬರುವುದರಿಂದ ಉಳಿದರು. ಲೈಫ್ ಜಾಕೆಟ್ ದೋಣಿಯಲ್ಲಿತ್ತು, ಮೈಮೇಲೆ ಇರಲಿಲ್ಲ. ದೋಣಿಯನ್ನು ತಿರುಗಿಸುವ ಸರಿಯಾದ ಕ್ರಮ ಯಾವುದು? ಬೇಗ ಎಂದರೆ ನಿಜವಾಗಿ ಎಷ್ಟು ಬೇಗ?

ಉತ್ತರ:

ಚಿಕ್ಕಪ್ಪ ಮನೆಗೆ ಮರಳಿದರೆಂದು ಓದಿ ಮನಸ್ಸು ನಿರಾಳವಾಯಿತು. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತಡಗಳಿವೆ. ಬಿದ್ದದ್ದು ಗೊತ್ತಾಗಲು ಆದ ತಡ ಒಂದು, ಹತ್ತಿರ ಹೋಗಿ ನಿಲ್ಲಲು ಆದ ತಡ ಇನ್ನೊಂದು, ಎತ್ತಲು ಆದ ತಡ ಮೂರನೆಯದು. ನೀವು ಕೇಳಿರುವುದು ನಡುವಿನದನ್ನು ಮಾತ್ರ. ನನ್ನ ಅನುಭವದಲ್ಲಿ ಜೀವ ಹೋಗುವುದು ಹೆಚ್ಚಾಗಿ ಮೊದಲನೆಯದರಲ್ಲಿ ಮತ್ತು ಕೊನೆಯದರಲ್ಲಿ. ಆದ್ದರಿಂದ ಮೂರನ್ನೂ ಬರೆಯುತ್ತೇನೆ.

ನೀರಿಗೆ ಬಿದ್ದವರ ಬಗ್ಗೆ ಬರುವ ಹೆಚ್ಚಿನ ಮಾಹಿತಿ ಯುರೋಪಿನ, ಕೆನಡಾದ ತಣ್ಣನೆಯ ಸಮುದ್ರದ್ದು. ಅಲ್ಲಿ ಬಿದ್ದ ಮೊದಲ ನಿಮಿಷದಲ್ಲೇ ಚಳಿಯ ಆಘಾತಕ್ಕೆ ಉಸಿರು ಹಿಡಿತ ತಪ್ಪುತ್ತದೆ, ಹತ್ತಿಪ್ಪತ್ತು ನಿಮಿಷಗಳಲ್ಲಿ ಕೈಕಾಲು ಮರಗಟ್ಟುತ್ತವೆ. ನಮ್ಮ ಅರಬ್ಬಿ ಸಮುದ್ರದ ನೀರು ಬೆಚ್ಚಗಿರುತ್ತದೆ. ಲೈಫ್ ಜಾಕೆಟ್ ತೊಟ್ಟವನು ಇಲ್ಲಿ ಗಂಟೆಗಟ್ಟಲೆ ತೇಲಿಕೊಂಡು ಬದುಕಿರಬಲ್ಲ. ಹಾಗಾದರೆ ನಮ್ಮಲ್ಲಿ ಅವಸರ ಯಾಕೆ? ನಮ್ಮಲ್ಲಿ ಬಿದ್ದವನು ಮೊದಲು ಕಣ್ಣಿನಿಂದ ತಪ್ಪಿ ಹೋಗುತ್ತಾನೆ, ಆಮೇಲೆ ಜೀವದಿಂದ.

ನಿಮ್ಮ ದೋಣಿಯ ಲೆಕ್ಕವನ್ನೇ ನೋಡಿ. ಮರಳುವಾಗ ವೇಗ ಏಳು ನಾಟ್ ಇತ್ತು ಎಂದುಕೊಳ್ಳೋಣ, ಅಂದರೆ ಗಂಟೆಗೆ ಸುಮಾರು 13 ಕಿಲೋಮೀಟರ್. ಸೆಕೆಂಡಿಗೆ ಮೂರೂವರೆ ಮೀಟರಿಗೂ ಸ್ವಲ್ಪ ಹೆಚ್ಚು. ಹತ್ತು ಸೆಕೆಂಡುಗಳಲ್ಲಿ ದೋಣಿ 36 ಮೀಟರ್ ಮುಂದೆ ಹೋಗಿರುತ್ತದೆ, ಒಂದು ನಿಮಿಷದಲ್ಲಿ 200 ಮೀಟರ್ ದಾಟಿರುತ್ತದೆ. ಈಜುವವನ ತಲೆ ನೀರಿನ ಮೇಲೆ ಕಾಣುವುದು ಒಂದು ಗೇಣಿನಷ್ಟು. ನೂರು ಮೀಟರ್ ದೂರದಿಂದ ಅದು ಕೈ ಚಾಚಿ ಹಿಡಿದ ರಾಗಿ ಕಾಳಿನಷ್ಟಾಗುತ್ತದೆ. ಸಮತಟ್ಟಾದ ಕೊಳದಲ್ಲಿಯೇ ಅಷ್ಟು ಚಿಕ್ಕದು. ಸಮುದ್ರದಲ್ಲಿ ನಿಮಗೂ ಅವನಿಗೂ ನಡುವೆ ಉಬ್ಬುತಗ್ಗಿನ ಅಲೆಗಳಿರುತ್ತವೆ. ನಾಡದೋಣಿಯಲ್ಲಿ ಕುಳಿತವರ ಕಣ್ಣು ನೀರಿನಿಂದ ಒಂದೂವರೆ ಮೀಟರಿಗಿಂತ ಎತ್ತರವಿರುವುದಿಲ್ಲ. ಅವನು ಅಲೆಯ ನೆತ್ತಿಗೆ ಬಂದಾಗ ನೀವು ತಗ್ಗಿನಲ್ಲಿದ್ದರೆ ಕಾಣುವುದಿಲ್ಲ. ಇಬ್ಬರೂ ಒಟ್ಟಿಗೆ ಮೇಲೆ ಬಂದ ಆ ಒಂದು ಕ್ಷಣದಲ್ಲಿ, ಸಂಜೆಯ ಬಿಸಿಲು ನೀರಿನ ಮೇಲೆ ಕೋರೈಸುತ್ತಿರುವಾಗ, ಕಪ್ಪು ಕೂದಲಿನ ತಲೆಯನ್ನು ಗುರುತಿಸಬೇಕು.

ಹತ್ತು ಸೆಕೆಂಡಿನ ಒಳಗೆ ಗೊತ್ತಾದರೆ ನಿಮ್ಮ ಮುಂದಿರುವುದು ಎತ್ತುವ ಕೆಲಸ. ಒಂದು ನಿಮಿಷ ಕಳೆದು ಗೊತ್ತಾದರೆ ಅದು ಹುಡುಕುವ ಕೆಲಸ. ಹುಡುಕಾಟದ ಲೆಕ್ಕ ಕ್ರೂರವಾದದ್ದು. ಬಿದ್ದವನು ಸೆಳೆತದಲ್ಲಿ ಯಾವ ದಿಕ್ಕಿಗೆ ಹೋಗಿದ್ದಾನೆಂದು ಗೊತ್ತಿಲ್ಲದಿದ್ದರೆ, ಹುಡುಕಬೇಕಾದ ವೃತ್ತದ ಅಡ್ಡಳತೆ ಹೊತ್ತಿನ ಜೊತೆಗೆ ಬೆಳೆಯುತ್ತದೆ. ಹೊತ್ತು ಎರಡು ಪಟ್ಟಾದರೆ ನೀರಿನ ಹರವು ನಾಲ್ಕು ಪಟ್ಟಾಗುತ್ತದೆ.

ಈಜು ಬಾರದವನ ವಿಷಯದಲ್ಲಿ ಇನ್ನೊಂದು ಗಡುವು ಇದೆ. ಮುಳುಗುತ್ತಿರುವವನು ಕೂಗಿ ಕೈ ಬೀಸುತ್ತಾನೆಂದು ನಾವು ತಿಳಿದಿದ್ದೇವೆ. ಹಾಗಾಗುವುದು ಅಪರೂಪ. ಬಾಯಿ ನೀರಿನ ಮೇಲೆ ಬಂದ ಅರೆಕ್ಷಣ ಉಸಿರೆಳೆಯುವುದಕ್ಕೇ ಸಾಲುವುದಿಲ್ಲ, ಕೂಗಲು ಉಸಿರೆಲ್ಲಿ? ಕೈಗಳು ತಾವಾಗಿಯೇ ಎರಡೂ ಬದಿಗೆ ನೀರನ್ನು ಕೆಳಗೊತ್ತುತ್ತಿರುತ್ತವೆ, ಬೀಸಲು ಮೇಲೇಳುವುದಿಲ್ಲ. ಈ ಸದ್ದಿಲ್ಲದ ಹೋರಾಟ ನಡೆಯುವುದು 20ರಿಂದ 60 ಸೆಕೆಂಡುಗಳು ಮಾತ್ರ. ಅದಾದ ಮೇಲೆ ಅವನು ಕೆಳಗೆ ಹೋಗುತ್ತಾನೆ. ಉಸಿರು ನಿಂತು ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ಲೈಫ್ ಜಾಕೆಟ್ ಇಲ್ಲದವನಿಗೆ ‘ಬೇಗ’ ಎಂದರೆ ಇಷ್ಟೇ. ನಿಮ್ಮ ಚಿಕ್ಕಪ್ಪ ಮೂರನೆಯ ಸುತ್ತಿನವರೆಗೆ ಕಾದರು ಎಂದರೆ ಅದು ಅವರ ಈಜಿನ ಬಲ. ನಿಮ್ಮ ದೋಣಿಯ ಮುಂದಿನ ಕಲಾಸಿಗೆ ಆ ಬಲ ಇಲ್ಲದಿರಬಹುದು.

ಇನ್ನು ಮೊದಲ ಹತ್ತು ಸೆಕೆಂಡಿನ ಕೆಲಸ. ಬಿದ್ದದ್ದನ್ನು ಕಂಡವನು ಯಾರೇ ಆಗಿರಲಿ, ಗಟ್ಟಿಯಾಗಿ ಬದಿಯ ಹೆಸರು ಹಿಡಿದು ಕೂಗಬೇಕು: “ಬಲಗಡೆ ಬಿದ್ದರು!” ಬರೀ “ಅಯ್ಯೋ” ಎಂದರೆ ಇಂಜಿನ್ ಹಿಡಿದವನು ಹಿಂದಿರುಗಿ ನೋಡಲು ಎರಡು ಸೆಕೆಂಡು ಕಳೆಯುತ್ತಾನೆ. ಕೂಗು ಕೇಳಿದೊಡನೆ ಅವನು ವೇಗ ಇಳಿಸಿ ಇಂಜಿನನ್ನು ನ್ಯೂಟ್ರಲ್‌ಗೆ ತರಬೇಕು, ಅದೇ ಹೊತ್ತಿಗೆ ಹ್ಯಾಂಡಲನ್ನು ಬಿದ್ದವನ ಬದಿಯಿಂದ ಆಚೆಗೆ ತಳ್ಳಬೇಕು. ಬಲಗಡೆ ಬಿದ್ದರೆ ಹ್ಯಾಂಡಲ್ ಎಡಕ್ಕೆ. ಆಗ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆ, ಹಿಂಭಾಗ ಎಡಕ್ಕೆ ಸರಿಯುತ್ತದೆ, ಇಂಜಿನಿನ ಫ್ಯಾನ್ ಅವನಿಂದ ದೂರವಾಗುತ್ತದೆ. ಇದನ್ನು ಓದಿ ತಿಳಿದುಕೊಂಡರೆ ಸಾಲದು, ಕೈಗೆ ರೂಢಿಯಾಗಬೇಕು. ಗಾಬರಿಯಲ್ಲಿ ಮನುಷ್ಯ ಅಪಾಯದಿಂದ ದೂರ ಓಡಲು ನೋಡುತ್ತಾನೆ, ದೋಣಿಯ ಮೂತಿಯನ್ನು ಬಿದ್ದವನಿಂದ ಆಚೆಗೆ ತಿರುಗಿಸುತ್ತಾನೆ. ಆಗ ಫ್ಯಾನ್ ನೇರವಾಗಿ ಅವನತ್ತ ಬೀಸುತ್ತದೆ.

ಒಂದು ಮಿತಿಯನ್ನೂ ಹೇಳಬೇಕು. ದೋಣಿಯ ನಡುವಿನಿಂದ ಬಿದ್ದವನು ಏಳು ನಾಟ್ ವೇಗದಲ್ಲಿ ಫ್ಯಾನಿನ ಬಳಿ ಬರಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಅಷ್ಟರಲ್ಲಿ ದೋಣಿ ತಿರುಗುವುದಿಲ್ಲ. ಮೂತಿಯಲ್ಲಿದ್ದವನು ಬಿದ್ದರೆ ಮಾತ್ರ ಈ ತಿರುವು ಅವನನ್ನು ಉಳಿಸುವಷ್ಟು ಹೊತ್ತು ಸಿಗುತ್ತದೆ. ನಡುವಿನಿಂದ ಬಿದ್ದವನ ಪಾಲಿಗೆ ಫ್ಯಾನ್ ನಿಲ್ಲಿಸುವ ನ್ಯೂಟ್ರಲ್ಲೇ ಗತಿ. ಅವನು ಆಗಲೇ ಹಿಂದೆ ಉಳಿದಿದ್ದರೆ ಈ ತಿರುವಿಗೆ ಅರ್ಥವಿಲ್ಲ, ನಿಮಗೆ ಅನುಕೂಲವಾದ ಕಡೆಗೆ ತಿರುಗಿ.

ಅದೇ ಉಸಿರಿನಲ್ಲಿ ಇನ್ನೊಬ್ಬನು ಎರಡು ಕೆಲಸ ಮಾಡಬೇಕು. ಕೈಗೆ ಸಿಕ್ಕ ತೇಲುವ ವಸ್ತುವನ್ನು ಬಿದ್ದವನ ಕಡೆಗೆ ಎಸೆಯಬೇಕು: ಲೈಫ್ ಬಾಯ್, ಬಲೆಯ ದೊಡ್ಡ ಫ್ಲೋಟ್, ಮುಚ್ಚಳ ಬಿಗಿದ ಖಾಲಿ ಕ್ಯಾನ್, ಏನಾದರೂ ಸರಿ. ಅದು ಅವನ ಕೈಗೆ ಸಿಗದಿದ್ದರೂ ವ್ಯರ್ಥವಲ್ಲ. ಕಪ್ಪು ತಲೆ ಕಾಣದಿರುವಲ್ಲಿ ಕಿತ್ತಳೆ ಬಣ್ಣದ ಫ್ಲೋಟ್ ಕಾಣುತ್ತದೆ. ಆಮೇಲೆ ಅವನು ಕೈ ಚಾಚಿ ಬಿದ್ದವನನ್ನು ತೋರಿಸುತ್ತಾ ನಿಲ್ಲಬೇಕು, ದೋಣಿ ಎತ್ತ ತಿರುಗಿದರೂ ಕೈ ಅವನತ್ತಲೇ ತಿರುಗುತ್ತಿರಬೇಕು. ಹಗ್ಗ ಹುಡುಕಲು ಕೂಡ ಅವನು ಬಗ್ಗಬಾರದು. ಇಂಜಿನ್ ಹಿಡಿದವನು ಅಲೆ, ಗಾಳಿ, ಹ್ಯಾಂಡಲ್ ಎಲ್ಲವನ್ನೂ ನೋಡಬೇಕಾದ್ದರಿಂದ ಅವನಿಗೆ ಬಿದ್ದವನು ಕಾಣುವುದು ಆ ಕೈಯ ತುದಿಯಲ್ಲಿ ಮಾತ್ರ. ಒಮ್ಮೆ ನನ್ನ ತರಬೇತಿಯಲ್ಲಿದ್ದ ಹುಡುಗನೊಬ್ಬ ನೀರಿಗೆ ಹಾಕಿದ್ದ ಕ್ಯಾನನ್ನು ತೋರಿಸುತ್ತಾ ನಿಂತಿದ್ದ. ಹಗ್ಗವೊಂದು ಕಾಲಿಗೆ ತೊಡರಿದ್ದರಿಂದ ಒಂದೇ ಸಲ ಕೆಳಗೆ ನೋಡಿದ. ತಲೆ ಎತ್ತುವಾಗ ಕ್ಯಾನ್ ಇರಲಿಲ್ಲ. 60 ಮೀಟರ್ ಕೂಡ ದೂರವಿರದ ಅದನ್ನು ಮತ್ತೆ ಕಾಣಲು ನಮಗೆ ಹನ್ನೊಂದು ನಿಮಿಷ ಬೇಕಾಯಿತು.

ದೋಣಿಯಲ್ಲಿ ಜಿಪಿಎಸ್ ಇದ್ದರೆ, ಬಿದ್ದ ಜಾಗವನ್ನು ಗುರುತು ಹಾಕುವ ಅದರ MOB ಗುಂಡಿಯನ್ನು ಒತ್ತಿ. ಆದರೆ ಆ ಗುರುತು ಸಮುದ್ರದ ನೆಲಕ್ಕೆ ಸೇರಿದ್ದು, ಬಿದ್ದವನು ನೀರಿಗೆ ಸೇರಿದವನು. ಒಂದು ನಾಟ್ ಸೆಳೆತವಿದ್ದರೆ ಅವನು ನಿಮಿಷಕ್ಕೆ 30 ಮೀಟರಿನಂತೆ ಆ ಗುರುತಿನಿಂದ ಸರಿಯುತ್ತಾನೆ, ಹತ್ತು ನಿಮಿಷಕ್ಕೆ 300 ಮೀಟರ್ ಆಯಿತು. ಗುರುತಿನ ಮೇಲೆಯೇ ಸುತ್ತುತ್ತಾ ಕುಳಿತವರನ್ನು ಕಂಡಿದ್ದೇನೆ. ಎಸೆದ ಫ್ಲೋಟ್ ಅವನ ಜೊತೆಗೇ ಸೆಳೆತದಲ್ಲಿ ಹೋಗುತ್ತದೆ, ಆದ್ದರಿಂದ ಜಿಪಿಎಸ್ ಇದ್ದರೂ ಅದನ್ನು ಎಸೆಯಲೇಬೇಕು.

ಈಗ ನೀವು ಕೇಳಿದ ತಿರುವಿಗೆ ಬರುತ್ತೇನೆ. ಹಡಗಿನಲ್ಲಿ ಕೆಲಸ ಮಾಡುವ ಬಂಧುಗಳು ನಿಮಗೆ ವಿಲಿಯಮ್ಸನ್ ತಿರುವಿನ ಬಗ್ಗೆ ಹೇಳಿರಬಹುದು: ಬಿದ್ದವನ ಬದಿಗೆ 60 ಡಿಗ್ರಿ ತಿರುಗಿ, ಅಲ್ಲಿಂದ ಎದುರು ಬದಿಗೆ ಪೂರ್ತಿ ತಿರುಗಿಸಿ ಬಂದ ದಾರಿಯಲ್ಲೇ ಮರಳುವುದು. ಸುಲಭವಾಗಿ ನಿಲ್ಲಲಾಗದ ದೊಡ್ಡ ಹಡಗಿಗೆ, ಅದರಲ್ಲೂ ಕತ್ತಲೆಯಲ್ಲಿ ಅಥವಾ ಮಂಜಿನಲ್ಲಿ, ಅದು ಒಳ್ಳೆಯ ಉಪಾಯ. ನಿಮ್ಮ ದೋಣಿ ಎರಡು ಮೂರು ದೋಣಿಯುದ್ದದಲ್ಲಿ ನಿಲ್ಲುತ್ತದೆ, ತನ್ನ ಜಾಗದಲ್ಲೇ ಹೆಚ್ಚುಕಡಿಮೆ ಸುತ್ತುತ್ತದೆ. ಬಿದ್ದವನು ಕಾಣುತ್ತಿರುವಾಗ ಅಂಥ ದೊಡ್ಡ ಕುಣಿಕೆ ಹಾಕಿದರೆ ಅವನಿಂದ ಸುಮ್ಮನೆ ದೂರ ಹೋದಂತಾಗುತ್ತದೆ.

ನಿಮ್ಮ ಎರಡು ಪ್ರಯತ್ನಗಳು ಯಾಕೆ ತಪ್ಪಿದವೆಂದು ಪತ್ರದಲ್ಲಿಲ್ಲ, ಆದರೆ ಊಹಿಸುವುದು ಕಷ್ಟವಲ್ಲ. ತಿರುಗಿದೊಡನೆ ಹತ್ತಿರದ ದಾರಿಯಲ್ಲಿ ನೇರವಾಗಿ ಅವರತ್ತ ನುಗ್ಗಿರುತ್ತೀರಿ. ಗಾಳಿ ಬೆನ್ನಿಗಿದ್ದರೆ ದೋಣಿ ನಿಲ್ಲದೆ ಅವರನ್ನು ದಾಟಿ ಹೋಗಿರುತ್ತದೆ. ಇಂಥಲ್ಲಿ ಎಲ್ಲರೂ ಮಾಡುವ ತಪ್ಪು ಇದು. ದೋಣಿಯನ್ನು ನಿಲ್ಲಿಸಲು ನಿಮ್ಮಲ್ಲಿ ಬ್ರೇಕ್ ಇಲ್ಲ, ಗಾಳಿಯನ್ನೇ ಬ್ರೇಕ್ ಮಾಡಿಕೊಳ್ಳಬೇಕು.

ಗಾಳಿ ಎಂದೆ, ಸೆಳೆತ ಎನ್ನಲಿಲ್ಲ. ಬಿದ್ದವನೂ ದೋಣಿಯೂ ಒಂದೇ ನೀರಿನಲ್ಲಿರುವುದರಿಂದ ಸೆಳೆತ ಇಬ್ಬರನ್ನೂ ಒಂದೇ ಸಮನಾಗಿ ಒಯ್ಯುತ್ತದೆ. ಹತ್ತಿರ ಹೋಗುವ ಲೆಕ್ಕದಲ್ಲಿ ಅದನ್ನು ಮರೆತುಬಿಡಬಹುದು. ಗಾಳಿ ಹಾಗಲ್ಲ. ನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿದವನನ್ನು ಅದು ಅಷ್ಟಾಗಿ ತಳ್ಳುವುದಿಲ್ಲ, ನೀರಿನ ಮೇಲೆ ಎದ್ದು ನಿಂತ ಹಗುರವಾದ ಫೈಬರ್ ದೋಣಿಯನ್ನು ಚೆನ್ನಾಗಿ ತಳ್ಳುತ್ತದೆ.

ಆದ್ದರಿಂದ ನಿಧಾನವಾಗಿ ತಿರುಗಿ, ಅವನಿಂದ ಗಾಳಿಯ ಕೆಳಗಡೆಗೆ, ಎಂದರೆ ಗಾಳಿ ಅವನನ್ನು ದಾಟಿ ಹೋಗುವ ಕಡೆಗೆ, ನಾಲ್ಕೈದು ದೋಣಿಯುದ್ದ ಹೋಗಿ. ಅಲ್ಲಿ ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಿ. ಗಾಳಿ ಎತ್ತಣಿಂದ ಎಂಬ ಅನುಮಾನವಿದ್ದರೆ ಮುಖಕ್ಕೆ ನೇರವಾಗಿ ಬಡಿಯುವವರೆಗೆ ತಿರುಗಿ, ಎರಡೂ ಕಿವಿಗಳಲ್ಲಿ ಒಂದೇ ಸದ್ದು ಕೇಳುತ್ತದೆ. ಮಳೆಗಾಲದಲ್ಲಿ ದೊಡ್ಡ ಅಲೆಗಳ ಉಬ್ಬರ ಒಂದು ದಿಕ್ಕಿನಿಂದಲೂ ಗಾಳಿಯ ಚಿಕ್ಕ ಅಲೆಗಳು ಇನ್ನೊಂದು ದಿಕ್ಕಿನಿಂದಲೂ ಬರುವುದುಂಟು. ಗಾಳಿಯ ದಿಕ್ಕಿಗೆ ಚಿಕ್ಕ ಅಲೆಗಳನ್ನು ನೋಡಿ, ಆದರೆ ಉಬ್ಬರ ಒಡೆಯುವಷ್ಟು ಎತ್ತರವಿದ್ದರೆ ಮೂತಿ ಅದಕ್ಕೇ ಎದುರಾಗಿರಲಿ. ದೋಣಿ ಮಗುಚಿದರೆ ಉಳಿಸುವವರು ಯಾರೂ ಉಳಿಯುವುದಿಲ್ಲ.

ಈಗ ಬಿದ್ದವನು ನಿಮ್ಮ ಮುಂದೆ, ಮೂತಿಗಿಂತ ಸ್ವಲ್ಪ ಬದಿಗೆ ಇದ್ದಾನೆ. ಇಂಜಿನ್ ಹಿಡಿದವನಿಗೆ ಚೆನ್ನಾಗಿ ಕಾಣುವ ಬದಿಯನ್ನೇ ಆರಿಸಿಕೊಳ್ಳಿ. ಅತ್ಯಂತ ಕಡಿಮೆ ವೇಗದಲ್ಲಿ ಗೇರ್ ಹಾಕಿ ಮುಂದೆ ಹೋಗಿ. ಕೊನೆಯ ಎರಡು ಮೂರು ದೋಣಿಯುದ್ದದಲ್ಲಿ ಗೇರ್ ಹಾಕುವುದು, ನ್ಯೂಟ್ರಲ್ ಮಾಡುವುದು, ಮತ್ತೆ ಒಂದು ಕ್ಷಣ ಗೇರ್ ಹಾಕುವುದು, ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು. ವೇಗ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಗುರುತು ಇದೆ. ನ್ಯೂಟ್ರಲ್ ಮಾಡಿದ ಮೇಲೆ ಮೂತಿಯ ಬಳಿಯ ನೊರೆ ದೋಣಿಯ ಬದಿಯಲ್ಲಿ ಹಿಂದಕ್ಕೆ ಜಾರುತ್ತಿದ್ದರೆ ಇನ್ನೂ ವೇಗವಿದೆ. ನೊರೆ ನಿಮ್ಮ ಜೊತೆಗೇ ನಿಂತರೆ ದೋಣಿ ನಿಂತಿದೆ. ಅವನು ದೋಣಿಯ ಮುಂದಿನ ಅರ್ಧದ ಬದಿಯಲ್ಲಿರುವಾಗ ಹೀಗೆ ನಿಲ್ಲಬೇಕು, ಹಿಂಭಾಗದ ಹತ್ತಿರ ಎಂದಿಗೂ ಅಲ್ಲ.

ಹಗ್ಗ ಅವನ ಕೈಗೆ ಸಿಕ್ಕ ಕ್ಷಣದಲ್ಲಿ ಇಂಜಿನನ್ನು ಆರಿಸಿ. ನ್ಯೂಟ್ರಲ್ ಸಾಲದು. ನಾಲ್ಕು ಕೈಗಳು ಒಬ್ಬನನ್ನು ಎಳೆಯುವ ಗಡಿಬಿಡಿಯಲ್ಲಿ ಯಾರದೋ ಮೊಣಕೈ ಗೇರಿಗೆ ತಾಗಿದರೆ ಸಾಕು. ಹಗ್ಗ ಕೈಗೆ ಸಿಕ್ಕ ಮೇಲೆ ಗಾಳಿ ದೋಣಿಯನ್ನು ಎತ್ತ ತಳ್ಳಿದರೂ ಅವನು ನಿಮ್ಮ ಜೊತೆಗಿರುತ್ತಾನೆ. ಆದ್ದರಿಂದ ಕೈಯಿಂದಲೇ ಹಿಡಿಯುವಷ್ಟು ಹತ್ತಿರ ಹೋಗಲು ಹಟ ಹಿಡಿಯಬೇಡಿ. ಹತ್ತು ಮೀಟರಿನ, ತುದಿಯಲ್ಲಿ ಫ್ಲೋಟ್ ಕಟ್ಟಿದ ಹಗ್ಗವಿದ್ದರೆ ನಿಮ್ಮ ಕೈಯೇ ಹತ್ತು ಮೀಟರ್ ಉದ್ದವಾಯಿತು.

ಒಂದು ವೇಳೆ ದಾಟಿ ಹೋದರೆ ರಿವರ್ಸ್ ಹಾಕಬೇಡಿ. ದೋಣಿ ಹಿಂದಕ್ಕೆ ಬರುವಾಗ ಫ್ಯಾನೇ ಅವನತ್ತ ಮುಂದಾಗಿ ಬರುತ್ತದೆ. ಸುತ್ತು ಹಾಕಿ ಮತ್ತೆ ಗಾಳಿಯ ಕೆಳಗಡೆಯಿಂದ ಬನ್ನಿ. ಒಂದು ಒಂದೂವರೆ ನಿಮಿಷ ಹೋಗುತ್ತದೆ, ಹೋಗಲಿ. ಮೊದಲ ಸಲವೇ ನಾಲ್ಕು ದೋಣಿಯುದ್ದ ದೂರ ಹೋಗಿ ನಿಧಾನವಾಗಿ ಬಂದವನು, ನೇರವಾಗಿ ನುಗ್ಗಿ ಎರಡು ಸಲ ತಪ್ಪಿದವನಿಗಿಂತ ಬೇಗ ತಲುಪುತ್ತಾನೆ.

ಗಾಳಿಯ ಮೇಲಿನಿಂದ ಬಂದು ದೋಣಿಯನ್ನು ಅಡ್ಡಲಾಗಿ ನಿಲ್ಲಿಸಿ, ಗಾಳಿಯೇ ಅವನ ಮೇಲೆ ತರಲಿ ಎನ್ನುವ ಕ್ರಮವೂ ಇದೆ. ದೋಣಿಯ ಮರೆಯಲ್ಲಿ ನೀರು ಸ್ವಲ್ಪ ಶಾಂತವಾಗುವುದು ಅದರ ಲಾಭ. ಹಿನ್ನೀರಿನಲ್ಲಿ, ಅಳಿವೆಯ ಒಳಗೆ ಇದು ಚೆನ್ನಾಗಿ ನಡೆಯುತ್ತದೆ. ಹೊರಸಮುದ್ರದ ಉಬ್ಬರದಲ್ಲಿ ಅಡ್ಡ ನಿಂತ ದೋಣಿ ಏರಿ ಇಳಿಯುವಾಗ ಅದರ ಹೊಟ್ಟೆ ಅವನ ತಲೆಯ ಮೇಲೆ ಬೀಳಬಹುದು. ನಿಮಗೆ ನಾನು ಇದನ್ನು ಹೇಳುವುದಿಲ್ಲ.

ಬಲೆ ಬಿಡುವಾಗ ಬಿದ್ದರೆ ಮೇಲಿನದೆಲ್ಲ ಬದಲಾಗುತ್ತದೆ. ಹಗ್ಗದ ಸುರುಳಿಗೆ ಕಾಲು ಸಿಕ್ಕಿ ಬಲೆಯ ಜೊತೆ ಹೋದವನ ಕಡೆಗೆ ದೋಣಿ ತಿರುಗಿಸಿದರೆ ಬಲೆ ಫ್ಯಾನಿಗೆ ಸುತ್ತಿಕೊಳ್ಳುತ್ತದೆ, ಆಮೇಲೆ ನಿಮಗೂ ಗತಿಯಿಲ್ಲ. ಅಲ್ಲಿ ಮಾಡಬೇಕಾದದ್ದು ಇಂಜಿನ್ ಆರಿಸಿ, ಬಿಟ್ಟ ಬಲೆಯನ್ನು ಕೈಯಿಂದ ಮರಳಿ ಎಳೆಯುವುದು. ಅವನು ಬಲೆಯ ಇನ್ನೊಂದು ತುದಿಯಲ್ಲೇ ಇದ್ದಾನೆ. ಇಂಜಿನ್ ಓಡುತ್ತಿದ್ದಷ್ಟು ಹೊತ್ತೂ ಬಲೆ ಬಿಗಿಯಾಗಿ ಅವನನ್ನು ಕೆಳಗೆ ಎಳೆಯುತ್ತಿರುತ್ತದೆ, ಆದ್ದರಿಂದ ಮೊದಲ ಸೆಕೆಂಡಿನಲ್ಲೇ ದೋಣಿ ನಿಲ್ಲಬೇಕು. ಬಲೆ ಬಿಡುವವನ ಕೈಗೆ ಎಟಕುವಲ್ಲಿ ಒರೆಯೊಳಗೆ ಒಂದು ಚೂರಿ ಇರಲಿ.

ಇಂಜಿನ್ ಹಿಡಿದವನೇ ಬಿದ್ದರೆ? ಹ್ಯಾಂಡಲ್ ಬಿಟ್ಟ ಔಟ್‌ಬೋರ್ಡ್ ತಾನಾಗಿ ಒಂದು ಬದಿಗೆ ಹೊರಳುತ್ತದೆ, ದೋಣಿ ವೃತ್ತಾಕಾರವಾಗಿ ಸುತ್ತಿ ಅವನ ಮೇಲೆಯೇ ಮರಳಿ ಬರಬಹುದು. ಇಂಜಿನ್ ಜೊತೆ ಬರುವ ಸುರುಳಿಯಾದ ಕೆಂಪು ಹಗ್ಗ ಇದಕ್ಕಾಗಿಯೇ ಇರುವುದು. ಅದರ ಒಂದು ತುದಿ ಕೊಂಡಿಯಲ್ಲಿ, ಇನ್ನೊಂದು ತುದಿ ಮಣಿಕಟ್ಟಿಗೆ ಅಥವಾ ತೊಡೆಗೆ. ಅವನು ಬಿದ್ದೊಡನೆ ಕೊಂಡಿ ಕಳಚಿ ಇಂಜಿನ್ ನಿಲ್ಲುತ್ತದೆ. ಹಲವು ದೋಣಿಗಳಲ್ಲಿ ಈ ಹಗ್ಗವನ್ನು ಇಂಜಿನ್ನಿಗೇ ಸುತ್ತಿ ಕಟ್ಟಿ ಬಿಟ್ಟಿರುವುದನ್ನು ನೋಡಿ ನನಗೆ ನೋವಾಗುತ್ತದೆ. ನೀವು ಬಿಚ್ಚಿ ಕೈಗೆ ಕಟ್ಟಿಕೊಳ್ಳಿ. ಬಿಡಿ ಕೊಂಡಿಯೊಂದು ದೋಣಿಯಲ್ಲಿರಲಿ, ಇಲ್ಲದಿದ್ದರೆ ಅವನ ಜೊತೆ ನೀರಿಗೆ ಹೋದ ಕೊಂಡಿಯಿಲ್ಲದೆ ಉಳಿದವರು ಇಂಜಿನ್ ಚಾಲೂ ಮಾಡಲಾರರು.

ಈಗ ಮೂರನೆಯ ತಡ, ಎತ್ತುವುದು. ಚಿಕ್ಕಪ್ಪನ ತೂಕ 70 ಕಿಲೋ ಇರಬಹುದು. ನೀರಿನೊಳಗೆ ಅವರ ಭಾರ ನಿಮಗೆ ಗೊತ್ತಾಗುವುದಿಲ್ಲ, ಎದೆ ನೀರಿನಿಂದ ಮೇಲೆ ಬಂದಂತೆ ಭಾರ ಪೂರ್ತಿ ಕೈಗೆ ಬರುತ್ತದೆ, ಒದ್ದೆ ಬಟ್ಟೆಯಲ್ಲಿ ನಿಂತ ನೀರೂ ಜೊತೆಗೆ. ಅವರು ದಣಿದಿರುವುದರಿಂದ ತಾವಾಗಿ ಏರಲು ನೆರವಾಗಲಾರರು. ದೋಣಿಯಲ್ಲಿ ಉಳಿದ ನೀವಿಬ್ಬರೂ ಒಂದೇ ಬದಿಗೆ ಬಾಗಿದರೆ ಆ ಬದಿ ಕೆಳಗಿಳಿದು ನೀರು ಒಳಗೆ ಬರುತ್ತದೆ. ಒಬ್ಬನೇ ಎಳೆದರೆ ಶಕ್ತಿ ಸಾಲದು. ನಿಮಗೆ ಬಹಳ ಹೊತ್ತು ಹಿಡಿದದ್ದು ಈ ಇಕ್ಕಟ್ಟಿನಿಂದಲೇ.

ಇದಕ್ಕೆ ಹಾಸುವಿನಿಂದ ಉರುಳಿಸಿ ಎತ್ತುವ ಉಪಾಯವಿದೆ. ಮರದ ದಿಮ್ಮಿಯನ್ನು ಹಗ್ಗದ ಕುಣಿಕೆಯಲ್ಲಿ ಉರುಳಿಸಿ ಲಾರಿಗೆ ಏರಿಸುವುದನ್ನು ನೋಡಿದ್ದರೆ ಇದು ಬೇಗ ಅರ್ಥವಾಗುತ್ತದೆ. ಎರಡು ಮೀಟರ್ ಉದ್ದದ, ಅಷ್ಟೇ ಅಗಲದ ಗಟ್ಟಿ ಟಾರ್ಪಾಲಿನ್ ಅಥವಾ ದಪ್ಪ ಹಗ್ಗದ ದೊಡ್ಡ ಕಣ್ಣಿನ ಬಲೆಯ ತುಂಡು ಬೇಕು. ಮೀನು ಹಿಡಿಯುವ ಸಣ್ಣ ನೂಲಿನ ಬಲೆ ಬೇಡ, ಅದರಲ್ಲಿ ಕೈಕಾಲು ಸಿಕ್ಕಿಕೊಳ್ಳುತ್ತವೆ. ಅದರ ಒಂದು ಅಂಚನ್ನು ದೋಣಿಯ ಬದಿಗೆ ಒಳಗಿನಿಂದ ಎರಡು ಕಡೆ ಭದ್ರವಾಗಿ ಕಟ್ಟಿ. ಇನ್ನೊಂದು ಅಂಚಿನ ಎರಡು ಮೂಲೆಗಳಿಗೆ ಹಗ್ಗ ಕಟ್ಟಿ ಕೈಯಲ್ಲಿ ಹಿಡಿಯಿರಿ. ನಡುವಿನ ಭಾಗ ತೊಟ್ಟಿಲಿನಂತೆ ನೀರಿನೊಳಗೆ ಇಳಿಯಲಿ. ಬಿದ್ದವನನ್ನು ದೋಣಿಗೆ ಸಮಾನಾಂತರವಾಗಿ, ಉದ್ದಕ್ಕೆ ಮಲಗಿದಂತೆ ಅದರೊಳಗೆ ತಂದುಕೊಂಡು ಕೈಯಲ್ಲಿರುವ ಅಂಚನ್ನು ಮೇಲೆಳೆಯಿರಿ. ಅವನು ದಿಮ್ಮಿಯಂತೆ ಉರುಳುತ್ತಾ ಬದಿ ಏರಿ ಒಳಗೆ ಬೀಳುತ್ತಾನೆ. ಒಂದು ಅಂಚು ಕಟ್ಟಿರುವುದರಿಂದ ಅರ್ಧ ಭಾರವನ್ನು ದೋಣಿಯೇ ಹೊರುತ್ತದೆ, 70 ಕಿಲೋದಲ್ಲಿ ನಿಮ್ಮ ಪಾಲಿಗೆ 35ರ ಹತ್ತಿರ ಉಳಿಯುತ್ತದೆ. ಜಾರುವ, ಉಜ್ಜುವ ತೊಡಕಿನಿಂದ ಸ್ವಲ್ಪ ಹೆಚ್ಚಾಗಬಹುದು. ಅಷ್ಟನ್ನು ಒಬ್ಬನು ಎಳೆಯಬಹುದು, ಇನ್ನೊಬ್ಬನು ಎದುರು ಬದಿಯಲ್ಲಿ ಕುಳಿತು ದೋಣಿಯನ್ನು ಸಮತೋಲನದಲ್ಲಿಡಬಹುದು.

ಹೀಗೆ ಮಲಗಿಸಿ ಎತ್ತುವುದಕ್ಕೆ ಇನ್ನೊಂದು ಕಾರಣವಿದೆ. ನೀರಿನಲ್ಲಿ ಬಹಳ ಹೊತ್ತು ಇದ್ದವನ ಕಾಲುಗಳನ್ನು ನೀರಿನ ಒತ್ತಡ ಸುತ್ತಲಿಂದ ಅಮುಕಿ ಹಿಡಿದಿರುತ್ತದೆ. ನೇರವಾಗಿ ನಿಲ್ಲಿಸಿ ಎಳೆದರೆ ಆ ಒತ್ತಡ ಒಮ್ಮೆಲೇ ಹೋಗಿ ರಕ್ತ ಕಾಲಿಗಿಳಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಎತ್ತುವಾಗಲೇ ಪ್ರಜ್ಞೆ ತಪ್ಪುವುದುಂಟು. ತಣ್ಣೀರಿನಲ್ಲಿ ಇದು ಹೆಚ್ಚು, ಆದರೆ ನಮ್ಮಲ್ಲೂ ಅರ್ಧ ಗಂಟೆ ಹೋರಾಡಿ ದಣಿದವನಿಗೆ ಆಗಬಹುದು. ಬಿದ್ದು ಎರಡೇ ನಿಮಿಷವಾಗಿದ್ದರೆ, ಅಥವಾ ಅವನು ಮುಳುಗುತ್ತಿದ್ದರೆ, ಅಂಗಿ ಹಿಡಿದಾದರೂ ಎಳೆಯಿರಿ, ಮಲಗಿಸಲು ಕಾಯಬೇಡಿ.

ಹಿಂಭಾಗ ತಗ್ಗಾಗಿದೆ, ಅಲ್ಲಿಂದ ಏರಿಸಬಹುದಲ್ಲ ಎಂದು ನೀವು ಕೇಳಬಹುದು. ಅಲೆಯಲ್ಲಿ ದೋಣಿಯ ಹಿಂಭಾಗ ಎದ್ದು ನೀರಿಗೆ ಬಡಿಯುತ್ತದೆ, ಪಕ್ಕದಲ್ಲೇ ಇಂಜಿನ್ ಇದೆ. ನೀರು ಪೂರ್ತಿ ಶಾಂತವಾಗಿದ್ದು, ಇಂಜಿನ್ ಆರಿಸಿ ಮೇಲೆತ್ತಿಟ್ಟಿದ್ದರೆ ಮಾತ್ರ ಅದು ಆಗಬಹುದು.

ಎಷ್ಟು ಮಾಡಿದರೂ ಎತ್ತಲಾಗದಿದ್ದರೆ ಕಂಕುಳ ಕೆಳಗೆ ಹಗ್ಗದ ಕುಣಿಕೆ ಹಾಕಿ, ಮುಖ ನೀರಿನ ಮೇಲಿರುವಂತೆ ಬದಿಗೆ ಕಟ್ಟಿ, ಸಹಾಯ ಕರೆಯಿರಿ. ಕರಾವಳಿ ಕಾವಲು ಪಡೆಯ ಸಂಖ್ಯೆ 1554, ಕರಾವಳಿ ಪೊಲೀಸರದು 1093. ವಿಎಚ್‌ಎಫ್ ಇದ್ದರೆ 16ನೇ ಚಾನೆಲ್. ಮೊಬೈಲ್ ಸಿಗ್ನಲ್ ದಡದಿಂದ ದೂರ ಹೋದಂತೆ ಸಿಗುವುದಿಲ್ಲ, ಹತ್ತಿರದ ದೋಣಿಗಳವರೇ ಮೊದಲು ಬರುವವರು. ಅವನ ಹಿಂದೆ ಇನ್ನೊಬ್ಬನು ಹಾರುವುದು ಬೇಡ. ಪ್ರಜ್ಞೆ ತಪ್ಪಿದವನಿಗಾಗಿ ಇಳಿಯಲೇಬೇಕಾದರೆ, ಜಾಕೆಟ್ ತೊಟ್ಟು, ಸೊಂಟಕ್ಕೆ ದೋಣಿಯ ಹಗ್ಗ ಕಟ್ಟಿಕೊಂಡು ಇಳಿಯಬೇಕು. ಇಬ್ಬರೇ ಉಳಿದಿರುವ ನಿಮ್ಮಂಥ ದೋಣಿಯಲ್ಲಿ ಒಬ್ಬನು ಹಾರಿದರೆ ದೋಣಿಯಲ್ಲಿ ಉಳಿಯುವವನು ಒಬ್ಬನೇ, ನೀರಿನಲ್ಲಿ ಇಬ್ಬರು.

ಮೇಲೆ ಬಂದವನು ಉಸಿರಾಡುತ್ತಿಲ್ಲವಾದರೆ ಹೊಟ್ಟೆ ಒತ್ತಿ ನೀರು ಹೊರತೆಗೆಯಲು ಹೋಗಬೇಡಿ. ನಮ್ಮ ಕರಾವಳಿಯಲ್ಲಿ ಈ ರೂಢಿ ಗಟ್ಟಿಯಾಗಿ ಕುಳಿತಿದೆ, ಅದರಿಂದ ಹೊಟ್ಟೆಯದ್ದು ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಮುಳುಗಿದವನ ಹೃದಯ ನಿಲ್ಲುವುದು ಉಸಿರು ಸಿಗದೆ, ಆದ್ದರಿಂದ ಮೊದಲು ಉಸಿರನ್ನೇ ಕೊಡಬೇಕು. ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಊದಿ, ಆಮೇಲೆ ಎದೆಯನ್ನು 30 ಸಲ ಒತ್ತಿ, ಎರಡು ಸಲ ಊದಿ, ಹೀಗೆಯೇ ದಡ ಸೇರುವವರೆಗೆ ಮುಂದುವರಿಸಿ. ಮಾತನಾಡುತ್ತಾ ಎದ್ದು ಕುಳಿತವನನ್ನೂ ಆಸ್ಪತ್ರೆಗೆ ಒಯ್ಯಬೇಕು, ಕೆಮ್ಮಿದ್ದರೆ, ನೊರೆ ಬಂದಿದ್ದರೆ ಖಂಡಿತ. ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ನಂತರ ಹೆಚ್ಚಾಗಬಹುದು.

ಬಿದ್ದದ್ದನ್ನು ಯಾರೂ ಕಾಣಲಿಲ್ಲ, ಹತ್ತು ನಿಮಿಷದ ನಂತರ ‘ಅವನೆಲ್ಲಿ’ ಎಂಬ ಪ್ರಶ್ನೆ ಬಂತು ಎಂದಾದರೆ, ಮೊದಲು ಅವನನ್ನು ಕೊನೆಯದಾಗಿ ಕಂಡದ್ದು ಯಾವಾಗ ಎಂದು ಇಬ್ಬರೂ ಸೇರಿ ಒಂದು ಹೊತ್ತು ನಿಗದಿ ಮಾಡಿ. ಜಿಪಿಎಸ್ ಪರದೆಯಲ್ಲಿ ನೀವು ಬಂದ ದಾರಿಯ ಗೆರೆ ಇರುತ್ತದೆ, ಅದರ ಮೇಲೆಯೇ ಹಿಂದಕ್ಕೆ ಹೋಗಿ. ಹೊರಡುವ ಮುನ್ನವೇ ಕರೆ ಮಾಡಿ, ಹುಡುಕಿ ಸಿಗದ ಮೇಲಲ್ಲ. ಹೋಗುವಾಗ ಆಗಾಗ ಇಂಜಿನ್ ಆರಿಸಿ ಅರ್ಧ ನಿಮಿಷ ಸುಮ್ಮನೆ ಕೇಳಿ. ಕಾಣದವನ ಕೂಗು ಕೇಳಿಸುವುದುಂಟು, ಸಂಜೆಗತ್ತಲಲ್ಲಿ ಅದೇ ಹೆಚ್ಚಿನ ಆಸರೆ. ಲೈಫ್ ಜಾಕೆಟ್‌ಗೆ ಕಟ್ಟಿದ ಒಂದು ಸೀಟಿ ಇಲ್ಲಿ ಟಾರ್ಚಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇದನ್ನೆಲ್ಲ ಒಂದು ಭಾನುವಾರ ಅಳಿವೆಯ ಒಳಗೆ ಮಾಡಿ ನೋಡಿ. 20 ಲೀಟರಿನ ಕ್ಯಾನಿಗೆ ಮುಕ್ಕಾಲು ಭಾಗ ನೀರು ತುಂಬಿ, ಹಳೆಯ ಅಂಗಿ ತೊಡಿಸಿ. ಅದು ತಲೆಯಷ್ಟೇ ಮೇಲಿರುವಂತೆ ತೇಲುತ್ತದೆ. ಚಿಕ್ಕಪ್ಪನ ಕೈಗೆ ಕೊಡಿ, ಯಾವಾಗ ಎಸೆಯುತ್ತೇನೆಂದು ಅವರು ಹೇಳಬಾರದು. ಎಸೆದ ಕ್ಷಣದಿಂದ ಒಳಗೆ ಬರುವವರೆಗೆ ಗಡಿಯಾರ ನೋಡಲಿ. ಮೊದಲ ದಿನ ಐದಾರು ನಿಮಿಷವಾಗುವುದು ಸಾಮಾನ್ಯ, ಎರಡು ನಿಮಿಷದೊಳಕ್ಕೆ ಬರುವವರೆಗೆ ಮಾಡಿ. ಆಮೇಲೆ ಜಾಗ ಬದಲಿಸಿ: ನೀವು ಇಂಜಿನ್ ಹಿಡಿಯಿರಿ, ಅಣ್ಣ ಕೈ ತೋರಿಸಲಿ. ಕೊನೆಗೆ ನಿಮ್ಮಲ್ಲಿ ಒಬ್ಬರು ಜಾಕೆಟ್ ತೊಟ್ಟು, ಇಂಜಿನ್ ಆರಿದ ಮೇಲೆ ನೀರಿಗಿಳಿದು ಟಾರ್ಪಾಲಿನ್ನಿನಲ್ಲಿ ಉರುಳಿ ಬರಲಿ. ಕಟ್ಟಿದ ಗಂಟು ಜಾರುತ್ತದೆಯೋ, ಹಗ್ಗ ಗಿಡ್ಡವಾಯಿತೋ ಎಂಬುದು ಆಗಲೇ ಗೊತ್ತಾಗುತ್ತದೆ. ಸರಿಯಾದ ಅಳತೆ ಸಿಕ್ಕ ಮೇಲೆ ಆ ಎರಡು ಗಂಟುಗಳನ್ನು ಬಿಚ್ಚಬೇಡಿ. ಟಾರ್ಪಾಲಿನ್ ಕಟ್ಟಿದ ಹಾಗೆಯೇ ಸುತ್ತಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂತೆ ಬದಿಯೊಳಗೆ ಇರಿಸಿ ಸಮುದ್ರಕ್ಕೆ ಹೋಗಿ.